ಬಣ್ಣ ಬಿಡಬೇಕಾದ್ದು ಕೇಸರಿ, ಬಿಡಬಾರದ್ದು ಅರಿಶಿನ

ಹೋದ ಡಿಸೆಂಬರಿನಲ್ಲಿ ಅಣ್ಣನ ಮಗಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಬಸುರಿ. ಹಾಲಿಗೆ ಹಾಕಿ ಕೊಡಲೆಂದು ಅತ್ತಿಗೆ ಮಡಿಕೇರಿಯ ಒಂದು ಮಸಾಲೆ ಅಂಗಡಿಯಿಂದ ಒಂದು ಗ್ರಾಂ ಕೇಸರಿ ತಂದಿದ್ದರು. ಪ್ರವಾಸಿಗರೇ ಹೆಚ್ಚಾಗಿ ಹೋಗುವ ಅಂಗಡಿ ಅದು. ಏಲಕ್ಕಿ, ಕರಿಮೆಣಸು, ಜೇನು, ಚಾಕೊಲೇಟ್ ಎಲ್ಲದರ ಪಕ್ಕದಲ್ಲಿ ಕೇಸರಿ ಡಬ್ಬಿಗಳ ಸಾಲು. ನಾಲ್ಕು ಎಳೆ ಹಾಲಿಗೆ ಬಿದ್ದ ಕೂಡಲೇ ಲೋಟದಲ್ಲಿ ಕಿತ್ತಳೆ ಬಣ್ಣ ಹರಡಿತು.

"ಎಂಥ ಒಳ್ಳೆ ಕೇಸರಿ ನೋಡು, ಹಾಕೋದೇ ತಡ ಬಣ್ಣ ಬಿಡ್ತು" ಎಂದರು ಅತ್ತಿಗೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಬಂತು: "ನಮ್ಮ ಹಿತ್ತಲಿನ ಅರಿಶಿನ ಮಾತ್ರ ಯಾಕೋ ಈ ಸಲ ಚೆನ್ನಾಗಿಲ್ಲ. ನೀರಿಗೆ ಹಾಕಿದ್ರೆ ಬಣ್ಣವೇ ಬರಲ್ಲ, ತಳಕ್ಕೆ ಕೂರುತ್ತೆ. ಸಂತೆಯಿಂದ ತಂದದ್ದು ಎಷ್ಟು ಹಳದಿ ಗೊತ್ತಾ?"

ಎರಡು ತೀರ್ಪೂ ತಲೆಕೆಳಗಾಗಿದ್ದವು. ಅತ್ತಿಗೆಯದು ಅಜ್ಞಾನ ಎಂದು ನಾನು ಹೇಳುವುದಿಲ್ಲ. ಬಟ್ಟೆ ಬಣ್ಣ ಬಿಟ್ಟರೆ ಕೆಟ್ಟದ್ದು, ಕಾಫಿ ಪುಡಿ ಬಣ್ಣ ಬಿಟ್ಟರೆ ಒಳ್ಳೆಯದು ಎಂದು ಬೆಳೆದವರು ನಾವು. ಮಸಾಲೆ ಬೇಗ ಬಣ್ಣ ಬಿಟ್ಟರೆ ಸತ್ವ ಹೆಚ್ಚು ಎಂದು ಅನ್ನಿಸುವುದು ಸಹಜ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವುದರಿಂದ, ಆ ಲೋಟ ಕಂಡ ಕೂಡಲೇ ಹಾಲು ಕುಡಿಯಬೇಡ ಎಂದು ಹುಡುಗಿಗೆ ಹೇಳಿದೆ. ಡಬ್ಬಿ, ಸಂತೆಯ ಪುಡಿ, ಹಿತ್ತಲಿನ ಪುಡಿ ಮೂರನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ಕುಳಿತೆ. (ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎನ್ನುವುದು ನಿಜವಲ್ಲ ಎಂದೂ ಹೇಳಿದೆ. ಅದನ್ನು ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.)

ಮೊದಲು ಕೇಸರಿಯ ವಿಷಯ. ಕೇಸರಿ ಎಂದರೆ ಒಂದು ಹೂವಿನ ಶಲಾಕೆಯ ತುದಿ. ಒಂದು ಹೂವಿನಲ್ಲಿ ಮೂರೇ ಎಳೆ. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವು ಬೇಕು, ಅಂದರೆ ಅತ್ತಿಗೆ ತಂದ ಆ ಪುಟ್ಟ ಡಬ್ಬಿಗೆ 150 ಹೂವನ್ನು ಯಾರೋ ಕೈಯಿಂದ ಕಿತ್ತು, ಎಳೆ ಬಿಡಿಸಿರಬೇಕು. ನಮ್ಮ ದೇಶದಲ್ಲಿ ಅದರ ಊರು ಕಾಶ್ಮೀರದ ಪಾಂಪೋರ್. ಕೊಡಗಿನ ಕಾಫಿ ತೋಟದಲ್ಲಿ ಏಲಕ್ಕಿ, ಮೆಣಸು ಬೆಳೆದಂತೆ ಬೆಳೆಯುವ ಗಿಡವಲ್ಲ ಅದು. ಆದ್ದರಿಂದ "ಇದು ಇಲ್ಲಿಯದೇ ಕೇಸರಿ, ತೋಟದಿಂದ ನೇರ ಬಂದದ್ದು" ಎಂದು ಯಾರಾದರೂ ಹೇಳಿದರೆ ಲೋಟ, ನೀರು ಯಾವುದೂ ಬೇಡ, ಅಲ್ಲಿಂದಲೇ ಹಿಂದಿರುಗಬಹುದು.

ಕೇಸರಿಯ ಬಣ್ಣಕ್ಕೆ ಕಾರಣ ಕ್ರೋಸಿನ್ ಎಂಬ ವಸ್ತು. ಅದು ಕ್ಯಾರೆಟ್‌ಗೆ ಬಣ್ಣ ಕೊಡುವ ಕುಟುಂಬದ್ದೇ. ಆದರೆ ಕ್ಯಾರೆಟ್‌ನ ಬಣ್ಣ ಎಣ್ಣೆಗೆ ಇಳಿಯುತ್ತದೆ, ನೀರಿಗೆ ಇಳಿಯುವುದಿಲ್ಲ. ಕ್ರೋಸಿನ್‌ನ ಎರಡು ತುದಿಗೂ ಸಕ್ಕರೆಯ ಅಣುಗಳು ಅಂಟಿಕೊಂಡಿರುವುದರಿಂದ ಅದು ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಹಾಗಾದರೆ ಅಸಲಿ ಕೇಸರಿ ನೀರಿಗೆ ಬಣ್ಣ ಬಿಡಲೇಬೇಕು. ಪ್ರಶ್ನೆ ಇರುವುದು ಎಷ್ಟು ಹೊತ್ತಿನಲ್ಲಿ ಬಿಡುತ್ತದೆ, ಯಾವ ಬಣ್ಣ ಬಿಡುತ್ತದೆ, ಬಿಟ್ಟ ಮೇಲೆ ಎಳೆ ಏನಾಗುತ್ತದೆ ಎನ್ನುವುದರಲ್ಲಿ.

ಅಸಲಿ ಎಳೆಯಲ್ಲಿ ಬಣ್ಣ ಇರುವುದು ಜೀವಕೋಶಗಳ ಒಳಗೆ. ಒಣಗಿದ ಎಳೆಯೊಳಗೆ ನೀರು ಹೊಕ್ಕು, ಎಳೆ ಉಬ್ಬಿ, ಆಮೇಲೆ ಬಣ್ಣ ಹೊರಬರಬೇಕು. ಅದಕ್ಕೆ ನಿಮಿಷಗಳು ಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಎಳೆಯ ಸುತ್ತ ಮೊದಲು ಹೊಗೆಯಂಥ ಸಣ್ಣ ಹಳದಿ ಗೆರೆ ಕಾಣುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ನೀರೆಲ್ಲ ಚಿನ್ನದ ಹಳದಿಯಾಗುತ್ತದೆ. ಅಷ್ಟಾದರೂ ಎಳೆ ಕೆಂಪಾಗಿಯೇ ಇರುತ್ತದೆ. ಆ ನೀರು ಬಸಿದು ಹೊಸ ನೀರು ಹಾಕಿದರೆ ಮತ್ತೆ ಹಳದಿ ಬಿಡುತ್ತದೆ. ಇಲ್ಲಿ ತುಂಬಾ ಜನ ಎಡವುತ್ತಾರೆ: ಎಳೆ ಕೆಂಪಗಿದೆಯಲ್ಲ, ನೀರೂ ಕೆಂಪಾಗಬೇಕು ಎಂದುಕೊಳ್ಳುತ್ತಾರೆ. ಎಳೆ ಕೆಂಪಗೆ ಕಾಣುವುದು ಬಣ್ಣ ಅಲ್ಲಿ ಒತ್ತಾಗಿ ತುಂಬಿಕೊಂಡಿರುವುದರಿಂದ. ಅದೇ ಬಣ್ಣ ನೀರಿನಲ್ಲಿ ತೆಳುವಾದರೆ ಹಳದಿ. ಕೇಸರಿಯ ದರ್ಜೆ ಗೊತ್ತುಮಾಡುವ ಐಎಸ್‌ಒ 3632 ಮಾನದಂಡದಲ್ಲೂ ಪ್ರಯೋಗಾಲಯದವರು ಅಳೆಯುವುದು ಕೇಸರಿ ನೆನೆದ ನೀರು 440 ನ್ಯಾನೋಮೀಟರ್‌ನ ನೀಲಿ ಬೆಳಕನ್ನು ಎಷ್ಟು ಹೀರಿಕೊಳ್ಳುತ್ತದೆ ಎಂಬುದನ್ನೇ. ನೀಲಿಯನ್ನು ನುಂಗುವ ನೀರು ಕಣ್ಣಿಗೆ ಹಳದಿಯಾಗಿಯೇ ಕಾಣುತ್ತದೆ.

ನಕಲಿ ಕೇಸರಿಯಲ್ಲಿ ಹೆಚ್ಚಾಗಿ ಬರುವುದು ಮುಸುಕಿನ ಜೋಳದ ತೆನೆಯ ಭಾಗವನ್ನು ಎಳೆಯಾಗಿ ಸೀಳಿ, ಸಕ್ಕರೆ ಪಾಕದಲ್ಲಿ ನೆನೆಸಿ, ಕೃತಕ ಬಣ್ಣ ಹಾಕಿದ ಮಾಲು. ಬಣ್ಣ ಎಳೆಯ ಮೈಮೇಲಷ್ಟೇ ಇರುತ್ತದೆ. ನೀರು ತಾಗಿದ ಕ್ಷಣ ಕರಗುತ್ತದೆ, ಕೆಂಪೋ ಕಿತ್ತಳೆಯೋ ಆಗಿ ಸುರಿಯುತ್ತದೆ, ಹಿಂದೆಯೇ ಎಳೆ ಬಿಳುಚಿಕೊಳ್ಳುತ್ತದೆ.

ಅತ್ತಿಗೆಯ ಡಬ್ಬಿಯಿಂದ ಐದು ಎಳೆ ತೆಗೆದು ಬಿಳಿ ಪಿಂಗಾಣಿ ಬಟ್ಟಲಿನ ಬೆಚ್ಚನೆಯ ನೀರಿಗೆ ಹಾಕಿದೆ. ಮಡಿಕೇರಿಯಲ್ಲಿ ಡಿಸೆಂಬರಿನ ನಲ್ಲಿ ನೀರು ಕೈಗೆ ಕೊರೆಯುವಷ್ಟು ತಣ್ಣಗಿರುತ್ತದೆ. ಅದರಲ್ಲಿ ಅಸಲಿ ಕೇಸರಿ ಕೂಡ ಬಣ್ಣ ಬಿಡಲು ತೀರಾ ತಡಮಾಡುತ್ತದೆ, ಅದಕ್ಕೇ ಬೆಚ್ಚನೆಯ ನೀರು. ಐದರಲ್ಲಿ ನಾಲ್ಕು ಎಳೆಗಳಿಂದ ಹತ್ತು ಸೆಕೆಂಡಿನೊಳಗೆ ಕಿತ್ತಳೆಗೆಂಪು ದಾರದಂತೆ ತಳಕ್ಕೆ ಇಳಿಯಿತು. ಐದು ನಿಮಿಷದ ಹೊತ್ತಿಗೆ ಆ ನಾಲ್ಕೂ ಹಳೆಯ ಬಿಳಿ ನೂಲಿನಂತಿದ್ದವು. ಐದನೆಯದು ಮಾತ್ರ ಕೆಂಪಾಗಿಯೇ ಉಳಿದು, ಸುತ್ತ ಹಳದಿ ಬಿಡುತ್ತಿತ್ತು. ಸೂಜಿಯಿಂದ ಅದನ್ನು ಬಿಡಿಸಿ ನೋಡಿದೆ. ಒಂದು ತುದಿ ಸಣ್ಣ, ಇನ್ನೊಂದು ತುದಿ ಕಹಳೆಯ ಬಾಯಿಯಂತೆ ಅಗಲವಾಗಿ ಅಂಚು ಸೀಳಿತ್ತು. ಅದು ಅಸಲಿ. ಮೂಗಿಗೆ ವಾಸನೆ ಬರಲೆಂದು ಒಂದಿಷ್ಟು ಅಸಲಿ ಬೆರೆಸಿ ಮಾರಿದ್ದರು. ಒಂದೇ ಎಳೆ ಹಾಕಿ ಪರೀಕ್ಷೆ ಮಾಡಿದ್ದರೆ, ಆ ಒಂದು ಎಳೆ ಇದೇ ಆಗಿದ್ದರೆ, ಡಬ್ಬಿಗೆ ಒಳ್ಳೆಯ ಹೆಸರು ಸಿಗುತ್ತಿತ್ತು. ಡಬ್ಬಿಯ ಮೇಲಿಂದ, ನಡುವಿನಿಂದ, ತಳದಿಂದ ಎಳೆ ತೆಗೆದು ನೋಡಬೇಕು ಎನ್ನುವುದು ಅದಕ್ಕೇ.

ಕಹಳೆಯ ಆಕಾರ ನೋಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಕುಸುಬೆಯ ಹೂವಿನ ಎಸಳೂ ಕೇಸರಿ ಎಂದು ಮಾರಾಟವಾಗುತ್ತದೆ. ಕುಸುಬೆಯಲ್ಲಿ ನೀರಿಗೆ ಇಳಿಯುವ ಹಳದಿ ಬಣ್ಣವೂ ಇದೆ, ಸುಲಭಕ್ಕೆ ಇಳಿಯದ ಕೆಂಪೂ ಇದೆ. ಹಾಗಾಗಿ ಅದು ನೀರನ್ನು ಹಳದಿಯೇ ಮಾಡುತ್ತದೆ, ಎಸಳು ಪೂರ್ತಿ ಬಿಳುಚುವುದೂ ಇಲ್ಲ. ಬಣ್ಣವನ್ನಷ್ಟೇ ನೋಡಿದವರು ಮೋಸಹೋಗುತ್ತಾರೆ. ನೆನೆದ ಮೇಲೆ ಬಿಡಿಸಿದರೆ ಅದು ಕೊಳವೆಯಂತಿದ್ದು ತುದಿಯಲ್ಲಿ ಐದು ಸೀಳಾಗಿರುತ್ತದೆ. ಕೇಸರಿಯಲ್ಲಿ ಹಾಗಿರುವುದಿಲ್ಲ.

ನಮ್ಮ ಊರಿನ ಮಳೆಗಾಲಕ್ಕೂ ಒಂದು ಮಾತು ಸೇರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮುಚ್ಚಳ ತೆಗೆದ ಡಬ್ಬಿಯಲ್ಲಿ ಯಾವ ಮಸಾಲೆಯೂ ಗರಿಗರಿಯಾಗಿ ಉಳಿಯುವುದಿಲ್ಲ. ತೇವ ಹೀರಿದ ಅಸಲಿ ಕೇಸರಿ ಒಣಗಿದ್ದಕ್ಕಿಂತ ಬೇಗ ಬಣ್ಣ ಬಿಡುತ್ತದೆ. ಅಂಥ ದಿನ ಬೇಗ ಬಿಟ್ಟಿತು ಎಂಬುದೊಂದನ್ನೇ ಹಿಡಿದು ನಕಲಿ ಎನ್ನಬಾರದು. ಎಳೆ ಬಿಳುಚಿತೇ ಇಲ್ಲವೇ ಎಂಬುದೇ ಆಗ ಗಟ್ಟಿ ಸಾಕ್ಷಿ.

ಈಗ ಅರಿಶಿನ. ಇಲ್ಲಿ ಲೆಕ್ಕ ಉಲ್ಟಾ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆಗೆ ಬಿದ್ದ ಚಿಟಿಕೆ ಅರಿಶಿನ ಎಣ್ಣೆಯನ್ನೆಲ್ಲ ಹಳದಿ ಮಾಡುವುದು, ನೀರಿಗೆ ಬಿದ್ದದ್ದು ಪುಡಿಯಾಗಿಯೇ ತೇಲಾಡಿ ಕೂರುವುದು ಅದಕ್ಕೇ. ಹಿತ್ತಲಿನ ಅರಿಶಿನ ಬಣ್ಣ ಬಿಡಲಿಲ್ಲ ಎಂದು ಅತ್ತಿಗೆ ಬೇಸರಪಟ್ಟರಲ್ಲ, ಅರಿಶಿನ ತನ್ನ ಧರ್ಮ ಪಾಲಿಸಿತ್ತು ಅಷ್ಟೆ.

ಎರಡು ಗಾಜಿನ ಲೋಟದಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಒಂದಕ್ಕೆ ಹಿತ್ತಲಿನ ಪುಡಿ, ಇನ್ನೊಂದಕ್ಕೆ ಸಂತೆಯ ಪುಡಿ, ಒಂದೊಂದು ಟೀ ಚಮಚ ಮೇಲಿಂದ ಉದುರಿಸಿದೆ. ಕಲಕಬಾರದು. ಅರ್ಧ ಗಂಟೆ ಲೋಟ ಮುಟ್ಟಲೂಬಾರದು. ಈ ಕಾಯುವಿಕೆಯನ್ನು ಬಿಟ್ಟು ತೀರ್ಪು ಕೊಡುವವರೇ ಜಾಸ್ತಿ. ಮೊದಲ ಐದು ನಿಮಿಷ ಎರಡೂ ಲೋಟ ಹಳದಿಯಾಗಿಯೇ ಇರುತ್ತದೆ, ಏಕೆಂದರೆ ನುಣ್ಣನೆಯ ಪುಡಿ ಇನ್ನೂ ತೇಲುತ್ತಿರುತ್ತದೆ. ಮಿಲ್ಲಿನಲ್ಲಿ ನುಣುಪಾಗಿ ಬೀಸಿದಷ್ಟೂ ಹೆಚ್ಚು ಹೊತ್ತು ತೇಲುತ್ತದೆ. ತೇಲುವ ಪುಡಿಯ ಹಳದಿ ಬೇರೆ, ಕರಗಿದ ಬಣ್ಣದ ಹಳದಿ ಬೇರೆ. ತೇಲುವ ಪುಡಿಯಿದ್ದರೆ ನೀರು ಮಬ್ಬಾಗಿರುತ್ತದೆ, ಹಿಂದೆ ಹಿಡಿದ ಪತ್ರಿಕೆಯ ಅಕ್ಷರ ಕಾಣುವುದಿಲ್ಲ. ಬಣ್ಣ ಕರಗಿದ್ದರೆ ನೀರು ತಿಳಿಯಾಗಿರುತ್ತದೆ, ಅಕ್ಷರ ಚೆನ್ನಾಗಿ ಓದಬಹುದು, ಆದರೆ ಹಳದಿ ಕನ್ನಡಕದ ಹಿಂದಿನಿಂದ ಓದಿದಂತೆ.

ಅರ್ಧ ಗಂಟೆಗೆ ಹಿತ್ತಲಿನ ಲೋಟದಲ್ಲಿ ಪುಡಿಯೆಲ್ಲ ಗಸಿಯಾಗಿ ಕೂತಿತ್ತು. ಮೇಲಿನ ನೀರಿಗೆ ತೀರಾ ಎಳೆ ಹಳದಿ. ಸಂತೆಯ ಲೋಟದಲ್ಲೂ ಗಸಿ ಕೂತಿತ್ತು, ಆದರೆ ಮೇಲಿನ ತಿಳಿನೀರು ಶರಬತ್ತಿನಷ್ಟು ಗಾಢ ಹಳದಿ. ಕೆಳಗಿನ ಗಸಿಯೋ, ನಮ್ಮ ಹಿತ್ತಲಿನದ್ದಕ್ಕಿಂತ ಮಂಕು.

ಅದು ಹೊರಗಿನ ಬಣ್ಣವೇ ಎಂದು ಇನ್ನಷ್ಟು ಖಾತ್ರಿ ಮಾಡಿಕೊಳ್ಳಲು ಮನೆಯಲ್ಲೇ ಒಂದು ದಾರಿ ಇದೆ, ಅದು ಆರತಿ ತಟ್ಟೆಯಿಂದ ಬಂದದ್ದು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು ಓಕುಳಿಯಾಗುತ್ತದೆ ಎಂದು ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತು. ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಅರಿಶಿನಕ್ಕೆ ಕಳ್ಳತನದಲ್ಲಿ ಬೆರೆಸುವ ಮೆಟಾನಿಲ್ ಯೆಲ್ಲೋ ಎಂಬ ಬಣ್ಣ ಸುಣ್ಣಕ್ಕೆ ಕೆಂಪಾಗುವುದಿಲ್ಲ. ಆದರೆ ಪುಡಿಗೇ ಸುಣ್ಣ ಹಾಕಿದರೆ ಪ್ರಯೋಜನವಿಲ್ಲ, ಕಲಬೆರಕೆ ಪುಡಿಯಲ್ಲೂ ಅರಿಶಿನ ಇದ್ದೇ ಇರುತ್ತದೆ, ಅದು ಕೆಂಪಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಮೇಲಿನ ತಿಳಿನೀರನ್ನು ಮಾತ್ರ ಚಮಚದಲ್ಲಿ ತೆಗೆದು, ಅದಕ್ಕೆ ಎಲೆ ಅಡಿಕೆಯ ಸುಣ್ಣ ಸಾಸಿವೆ ಕಾಳಿನಷ್ಟು ಕದಡಬೇಕು. ಹಿತ್ತಲಿನ ತಿಳಿನೀರು ಮಣ್ಣುಗೆಂಪಿಗೆ ತಿರುಗಿತು. ಸಂತೆಯದ್ದು ಹಳದಿಯಾಗಿಯೇ ಉಳಿಯಿತು. ಆ ಹಳದಿ ಕರ್ಕ್ಯುಮಿನ್‌ದಲ್ಲ.

ಮಾರನೆಯ ದಿನ ಕಾಲೇಜಿನ ಲ್ಯಾಬಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಪರೀಕ್ಷೆಯನ್ನೂ ಮಾಡಿದೆ. ಗಾಢ ಆಮ್ಲ ಬಿದ್ದರೆ ಅಸಲಿ ಅರಿಶಿನವೂ ಗುಲಾಬಿಗೆಂಪಾಗುತ್ತದೆ, ಮೆಟಾನಿಲ್ ಯೆಲ್ಲೋ ಕೂಡ ಆಗುತ್ತದೆ. ಆಮೇಲೆ ನೀರು ಸೇರಿಸಬೇಕು. ಅಸಲಿಯ ಗುಲಾಬಿ ಮಾಯವಾಗುತ್ತದೆ, ಬಣ್ಣ ಬೆರೆತದ್ದು ಉಳಿಯುತ್ತದೆ. ಸಂತೆಯ ಪುಡಿಯದ್ದು ಉಳಿಯಿತು. ಇದನ್ನು ಮನೆಯಲ್ಲಿ ಮಾಡಬೇಡಿ, ಆ ಆಮ್ಲ ಕೈ, ಕಣ್ಣು ಸುಡುತ್ತದೆ. "ಆಮ್ಲದ ಬದಲು ನಿಂಬೆರಸ ಹಿಂಡಿ ನೋಡಿದೆ, ಗುಲಾಬಿ ಆಗಲಿಲ್ಲ, ಆದ್ದರಿಂದ ಶುದ್ಧ" ಎಂದು ಹೇಳುವವರಿದ್ದಾರೆ. ಮೆಟಾನಿಲ್ ಯೆಲ್ಲೋ ಬಣ್ಣ ತಿರುಗುವಷ್ಟು ಹುಳಿ ನಿಂಬೆರಸದಲ್ಲಿ ಇಲ್ಲ. ನಮ್ಮ ಕಾಚಂಪುಳಿ ಎಷ್ಟೇ ಹುಳಿಯಾಗಿದ್ದರೂ ಅದನ್ನೂ ಈ ಕೆಲಸಕ್ಕೆ ನಂಬಬೇಡಿ.

ಇಲ್ಲಿಯವರೆಗೆ ಓದಿದವರು ನೀರಿನ ಲೋಟ ಸಾಕು ಎಂದುಕೊಂಡಾರು. ನನಗೆ ನಿಜವಾಗಿ ಭಯವಿರುವುದು ಆ ಲೋಟದಲ್ಲಿ ಪಾಸಾಗುವ ಅರಿಶಿನದ ಬಗ್ಗೆ.

ಲೆಡ್ ಕ್ರೋಮೇಟ್ ಎಂಬುದು ಪೇಂಟಿಗೆ ಹಾಕುವ ಹೊಳಪಿನ ಹಳದಿ ಪುಡಿ. ಸೀಸ ಇರುವ ವಸ್ತು. ಅರಿಶಿನದ ಕೊಂಬನ್ನು ಬೇಯಿಸಿ, ಒಣಗಿಸಿ, ಸಿಪ್ಪೆ ಹೋಗುವಂತೆ ಡ್ರಮ್ಮಿನಲ್ಲಿ ಉರುಳಿಸಿ ಪಾಲಿಶ್ ಮಾಡುತ್ತಾರೆ. ಆ ಹಂತದಲ್ಲಿ ಮಂಕಾದ ಕೊಂಬಿಗೆ ಹೊಳಪು ಬರಲೆಂದು ಇದನ್ನು ಉದುರಿಸುವವರಿದ್ದಾರೆ. ಬಾಂಗ್ಲಾದೇಶದಲ್ಲಿ ಬಸುರಿಯರ ರಕ್ತದಲ್ಲಿ ಸೀಸ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದ ಸ್ಟ್ಯಾನ್‌ಫರ್ಡ್‌ನ ಮತ್ತು ಅಲ್ಲಿನ ಐಸಿಡಿಡಿಆರ್‌ಬಿ ಸಂಸ್ಥೆಯ ಸಂಶೋಧಕರು 2019ರಲ್ಲಿ ಬಂದು ನಿಂತದ್ದು ಈ ಪಾಲಿಶ್ ಗಿರಣಿಗಳ ಬಾಗಿಲಿಗೆ. 1980ರ ದಶಕದ ದೊಡ್ಡ ನೆರೆಯಲ್ಲಿ ಒದ್ದೆಯಾಗಿ ಕಪ್ಪಿಟ್ಟ ಅರಿಶಿನವನ್ನು ಮಾರಲು ಶುರುವಾದ ಅಭ್ಯಾಸ ಅದು ಎಂದು ಅಲ್ಲಿನವರೇ ಹೇಳಿದ್ದರು. ಸರ್ಕಾರ ದಾಳಿ, ದಂಡ, ಪ್ರಚಾರ ಮೂರನ್ನೂ ಮಾಡಿದ ಮೇಲೆ, ಪೇಟೆಯ ಮಾದರಿಗಳ ಪೈಕಿ ಸೀಸ ಸಿಕ್ಕಿದವುಗಳ ಪ್ರಮಾಣ 2019ರ ಶೇ 47ರಿಂದ 2021ಕ್ಕೆ ಸೊನ್ನೆಗೆ ಇಳಿಯಿತು. ಭಾರತ, ಪಾಕಿಸ್ತಾನ, ಶ್ರೀಲಂಕಾ, ನೇಪಾಳದ 23 ನಗರಗಳ ಅರಿಶಿನ ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಟ್ನಾದ ಅರಿಶಿನದಲ್ಲಿ ಗ್ರಾಮಿಗೆ 2,274 ಮೈಕ್ರೋಗ್ರಾಂ ಸೀಸ ಸಿಕ್ಕಿತ್ತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ ಗ್ರಾಮಿಗೆ 10.

ಲೆಡ್ ಕ್ರೋಮೇಟ್ ನೀರಿನಲ್ಲಿ ಕರಗುವುದಿಲ್ಲ. ನೀರಿಗಿಂತ ಆರು ಪಟ್ಟು ಭಾರ. ಪುಡಿಯಲ್ಲಿ ಬೆರೆತಿದ್ದರೆ ಅರಿಶಿನದ ಜೊತೆಗೇ ಸುಮ್ಮನೆ ತಳಕ್ಕೆ ಹೋಗಿ ಕೂರುತ್ತದೆ, ಮೇಲಿನ ನೀರು ತಿಳಿಯಾಗಿಯೇ ಇರುತ್ತದೆ. ಎಷ್ಟರ ಮಟ್ಟಿಗೆ ಅದು ಕಣ್ಣಿಗೆ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆ. ಗ್ರಾಮಿಗೆ 1,000 ಮೈಕ್ರೋಗ್ರಾಂ ಸೀಸ ಇರುವ ಪುಡಿ ಎಂದುಕೊಳ್ಳೋಣ, ಅಂದರೆ ಮಿತಿಯ ನೂರು ಪಟ್ಟು. ಅಂಥ ಪುಡಿಯ ಒಂದು ಟೀ ಚಮಚದಲ್ಲಿ, ಸುಮಾರು 3 ಗ್ರಾಮಿನಲ್ಲಿ, ಲೆಡ್ ಕ್ರೋಮೇಟ್ ಇರುವುದು 5 ಮಿಲಿಗ್ರಾಮಿಗೂ ಕಡಿಮೆ. ಗಾತ್ರದಲ್ಲಿ ಒಂದು ರಾಗಿ ಕಾಳಿಗಿಂತ ಚಿಕ್ಕದು, ಅದೂ ಧೂಳಾಗಿ ಗಸಿಯಲ್ಲೆಲ್ಲ ಹರಡಿಕೊಂಡು. ಯಾರ ಕಣ್ಣಿಗೂ ಕಾಣದು. ಆದರೆ ಆ ಪುಡಿಯನ್ನು ದಿನಕ್ಕೆ ಅರ್ಧ ಗ್ರಾಂ ತಿನ್ನುವ ಮಗುವಿನ ಹೊಟ್ಟೆಗೆ 500 ಮೈಕ್ರೋಗ್ರಾಂ ಸೀಸ ಹೋಗುತ್ತದೆ. ಅಮೆರಿಕದ ಆಹಾರ, ಔಷಧ ಇಲಾಖೆಯಾದ ಎಫ್‌ಡಿಎ ಮಕ್ಕಳಿಗೆ ಆಹಾರದಿಂದ ದಿನಕ್ಕೆ 2.2 ಮೈಕ್ರೋಗ್ರಾಂ ಮೀರಬಾರದು ಎಂದು ಗುರುತು ಹಾಕಿಕೊಂಡಿದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸದಿಂದ ತೊಂದರೆಯಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲ.

ಹಾಗಾಗಿ ಲೋಟದಲ್ಲಿ ಗಾಢ ಹಳದಿ ಕಂಡರೆ ಪುಡಿ ಎಸೆಯಿರಿ, ಕಾಣದಿದ್ದರೆ ನೀರಿನಲ್ಲಿ ಕರಗುವ ಬಣ್ಣ ಇಲ್ಲ ಎಂದಷ್ಟೇ ತಿಳಿಯಿರಿ. ಸೀಸವನ್ನು ಹಿಡಿಯುವುದು ಲ್ಯಾಬು ಮಾತ್ರ.

ಪುಡಿಗಿಂತ ಕೊಂಬು ತೆಗೆದುಕೊಂಡರೆ ಒಂದು ಅನುಕೂಲವಿದೆ, ಏಕೆಂದರೆ ಅಲ್ಲಿ ಲೆಡ್ ಕ್ರೋಮೇಟ್ ಇದ್ದರೆ ಹೊರಮೈಯಲ್ಲಿರುತ್ತದೆ. ಅತ್ತಿಗೆ ಪೂಜೆಗೆಂದು ತಂದಿಟ್ಟಿದ್ದ ಕೊಂಬುಗಳೂ ಮನೆಯಲ್ಲಿದ್ದವು. ಚೆಂಡುಹೂವಿನಂಥ ಹಳದಿ. ಒಂದನ್ನು ಮುರಿದೆ. ಒಳಗೆ ಮಾಮೂಲಿ ಕಂದು ಕಿತ್ತಳೆ, ಹೊರಗೆ ನಿಂಬೆಹಳದಿ, ನಡುವೆ ಗೆರೆ ಎಳೆದಂತೆ ವ್ಯತ್ಯಾಸ. ನಮ್ಮ ಹಿತ್ತಲಿನ ಕೊಂಬಿನಲ್ಲಿ ಹೊರಮೈ ಒಳಮೈಗಿಂತ ಮಂಕಾಗಿರುತ್ತದೆ. ಕಾಫಿ ಕಣದ ಮೂಲೆಯಲ್ಲಿ ಒಣಗಿ, ಗೋಣಿಚೀಲದಲ್ಲಿ ತಿಕ್ಕಿಸಿಕೊಂಡ ಕೊಂಬಿಗೆ ಹೊಳಪು ಎಲ್ಲಿಂದ ಬರಬೇಕು? ಪೇಟೆಯ ಕೊಂಬನ್ನು ನೀರಿಗೆ ಹಾಕಿದೆ. ಅಲುಗಿಸುವ ಮೊದಲೇ ಹಳದಿ ಮೋಡ ಎದ್ದಿತು. ಮಬ್ಬು ನೀರು. ಬೆಳಿಗ್ಗೆ ನೋಡಿದರೆ ನೀರು ತಿಳಿಯಾಗಿತ್ತು, ಲೋಟದ ತಳದಲ್ಲಿ ತೆಳ್ಳಗೆ ನಿಂಬೆಹಳದಿ ಪದರ. ಕರಗಿದ್ದಲ್ಲ, ಉದುರಿದ್ದು. ಪಾಲಿಶ್ ಮಾಡುವಾಗ ಅರಿಶಿನದ ಪುಡಿಯನ್ನೇ ಹಚ್ಚುವುದೂ ಉಂಟು, ಅದೂ ಹೀಗೇ ಉದುರುತ್ತದೆ. ಆದ್ದರಿಂದ ಇದು ಅನುಮಾನಕ್ಕೆ ಕಾರಣವೇ ಹೊರತು ಪುರಾವೆಯಲ್ಲ. ಆ ಪದರಕ್ಕೆ ಸುಣ್ಣ ತಾಗಿಸಿದಾಗ ಪೂರ್ತಿ ಕೆಂಪಾಗಲಿಲ್ಲ, ಅಲ್ಲಲ್ಲಿ ಹಳದಿಯೇ ಉಳಿಯಿತು. ನನ್ನ ಅನುಮಾನ ಗಟ್ಟಿಯಾದದ್ದು ಆಗ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡವರು ಯಾರೇ ಆದರೂ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪದಾರ್ಥ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಕಲಬೆರಕೆ ಎಂದು ಗೊತ್ತಾದರೆ ಶುಲ್ಕ ವಾಪಸು. ಆದರೆ ಪರೀಕ್ಷೆ ಮಾಡಿಸುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ಮನೆಗೆ ತಂದು ಎಷ್ಟೋ ದಿನವಾಗಿ, ಅರ್ಧ ಬಳಸಿದ ಕೊಂಬು ಆ ಲೆಕ್ಕಕ್ಕೆ ಬರುವುದಿಲ್ಲ. ದೂರು ಕೊಡುವುದಾದರೆ ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800-112-100 ಇದೆ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಬರೆದು ಕೊಟ್ಟರೆ ಅವರೇ ಬಂದು ಮಾದರಿ ತೆಗೆಯುವ ಅಧಿಕಾರ ಅವರಿಗಿದೆ.

ಅತ್ತಿಗೆ ಆ ಕೊಂಬು ತಂದಿದ್ದ ಅಂಗಡಿಗೇ ನಾನು ಹೋಗಿ ಅದೇ ರಾಶಿಯಿಂದ ಕಾಲು ಕಿಲೋ ಕೊಂಬು ತೂಗಿಸಿದೆ. "ಅಣ್ಣಾ, ಇದನ್ನ ಪರೀಕ್ಷೆಗೆ ಕಳಿಸ್ತೀನಿ, ರಸೀದಿ ಬರೆದು ಕೊಡಿ" ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ತಕ್ಕಡಿಯಿಂದ ಕೊಂಬನ್ನೆಲ್ಲ ಚೀಲಕ್ಕೆ ಸುರಿದುಕೊಂಡು, "ಇದು ನಿಮಗೆ ಬೇಡ ಮೇಡಂ, ಮುಂದಿನ ವಾರ ಬೇರೆ ಮಾಲು ಬರುತ್ತೆ" ಎಂದರು. ಚೀಲದ ಬಾಯಿ ಕಟ್ಟಿ ಒಳಗಿಟ್ಟರು. ಸಂಜೆ ಆ ಊರು, ಆ ಅಂಗಡಿ, ಆ ಚೀಲದ ಮೇಲಿದ್ದ ಗುರುತು ಎಲ್ಲವನ್ನೂ ಬರೆದು ಅಧಿಕಾರಿಯ ಕಚೇರಿಗೆ ಕಳಿಸಿದೆ. ಅಣ್ಣನ ಮಗಳ ಬಾಣಂತನಕ್ಕೆ ಹಿತ್ತಲಿನ ಮಂಕು ಅರಿಶಿನವನ್ನೇ ಅತ್ತಿಗೆ ಬೀಸಿಸಿಟ್ಟಿದ್ದಾರೆ.